ಕಿತ್ತಳೆ ಮೂತ್ರಕ್ಕೆ ಹೆದರಬೇಡಿ, ಊಟ ಸೇರದಿದ್ದರೆ ತಡಮಾಡಬೇಡಿ

ಪ್ರಶ್ನೆ: ನಮ್ಮ ಯಜಮಾನರಿಗೆ ಶ್ವಾಸಕೋಶದ ಟಿಬಿ. ತೂಕ 48 ಕಿಲೋ, ದಿನಕ್ಕೆ ಮೂರು ಮಾತ್ರೆ. ಈಗ ಐದನೇ ವಾರ. ಮೊದಲ ದಿನದಿಂದಲೇ ಮೂತ್ರ ಕಿತ್ತಳೆ ಬಣ್ಣ. ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ, ನಿನ್ನೆ ಎರಡು ಸಲ ವಾಂತಿಯಾಯಿತು. ಲಿವರ್‌ಗೆ ಏನಾದರೂ ಆಗಿದೆಯೇ? ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ ಅಂತಾರೆ, ಏನು ಮಾಡಲಿ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಇವತ್ತೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಲಿವರ್ ರಕ್ತಪರೀಕ್ಷೆ ಮಾಡಿಸಿ. ವೈದ್ಯರು ನೋಡುವವರೆಗೆ ಮುಂದಿನ ಡೋಸ್ ಕೊಡಬೇಡಿ. ಒಂದು ದಿನ ಮಾತ್ರೆ ತಪ್ಪಿದರೆ ಟಿಬಿ ಮರುಕಳಿಸುವುದಿಲ್ಲ. ಪೆಟ್ಟು ತಿಂದ ಲಿವರ್ ಮೇಲೆ ಇನ್ನೊಂದು ಡೋಸ್ ಬಿದ್ದರೆ ಅಪಾಯ ಹೆಚ್ಚು.

ಕಿತ್ತಳೆ ಬಣ್ಣವನ್ನು ಇದರ ಜತೆ ಸೇರಿಸಬೇಡಿ. ನಿಮ್ಮವರು ನುಂಗುವ ಪ್ರತಿ ಮಾತ್ರೆಯಲ್ಲೂ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಎಂಬ ನಾಲ್ಕು ಔಷಧಿಗಳಿವೆ. ಬಣ್ಣ ರಿಫಾಂಪಿಸಿನ್‌ನದು. ಆ ಔಷಧಿಯೇ ಕೆಂಪು ಪುಡಿ; ಮೂತ್ರ, ಬೆವರು, ಕಣ್ಣೀರಿನಲ್ಲಿ ಹೊರಬರುತ್ತದೆ. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಬಣ್ಣ ಗಾಢವಾಗಿರುತ್ತದೆ, ಮರುದಿನ ಬೆಳಿಗ್ಗೆ ಮಾತ್ರೆಗೆ ಮುಂಚೆ ಸಾಕಷ್ಟು ತಿಳಿಯಾಗಿರುತ್ತದೆ. ಕಾಮಾಲೆಯ ಮೂತ್ರ ಹಾಗಲ್ಲ: ಹಾಲು ಹಾಕದ ಕಡು ಚಹಾದಂತೆ ಕಂದು, ದಿನವಿಡೀ ಅದೇ ಬಣ್ಣ. ಆದರೆ ಕಿತ್ತಳೆ ಬಣ್ಣದ ಅಡಿಯಲ್ಲಿ ಈ ಕಂದು ಮುಚ್ಚಿಹೋಗಬಹುದು. ಹಾಗಾಗಿ ಮೂತ್ರವನ್ನಷ್ಟೇ ನಂಬಬೇಡಿ. ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿಭಾಗ ನೋಡಿ. ಮಾಮೂಲಿ ಡೋಸ್‌ನಲ್ಲಿ ರಿಫಾಂಪಿಸಿನ್ ಕಣ್ಣನ್ನು ಹಳದಿ ಮಾಡುವುದಿಲ್ಲ. ಅಲ್ಲಿ ಹಳದಿ ಕಂಡರೆ ಅದು ಲಿವರ್‌ನದೇ. ಮಲ ಬಿಳಿಚಿಕೊಂಡಿದೆಯೇ, ಮೈ ತುರಿಸುತ್ತಿದೆಯೇ ಎಂದೂ ಕೇಳಿ.

ಕಣ್ಣು ಹಳದಿಯಾಗಲಿ ಎಂದು ಕಾಯುವುದೇ ನಾವು ಹೆಚ್ಚಾಗಿ ಕಾಣುವ ತಪ್ಪು. ಮೊದಲು ಬರುವುದು ಊಟ ಸೇರದಿರುವುದು, ವಾಕರಿಕೆ, ಸುಸ್ತು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು. ಮೊದಲ ಒಂದೆರಡು ವಾರ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊಟ್ಟೆ ತೊಳೆಸುವುದು ಅನೇಕರಿಗೆ ಇದ್ದದ್ದೇ, ತುಸು ತಿಂಡಿಯ ಜತೆ ಕೊಟ್ಟರೆ ಕಡಿಮೆಯಾಗುತ್ತದೆ. ಚೆನ್ನಾಗಿ ಉಣ್ಣುತ್ತಿದ್ದವರಿಗೆ ಐದನೇ ವಾರದಲ್ಲಿ ಹೊಸದಾಗಿ ಶುರುವಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವಂತಿಲ್ಲ.

ರಿಪೋರ್ಟಿನಲ್ಲಿ ಎಸ್‌ಜಿಪಿಟಿ ನೋಡಿ, ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಅಂಶ ಅದು. ಲ್ಯಾಬಿನ ಮೇಲಿನ ಮಿತಿ 40 ಇದೆ, ಅವರಿಗೆ 168 ಬಂತು ಎಂದುಕೊಳ್ಳಿ. ಯಾವ ತೊಂದರೆಯೂ ಇಲ್ಲದವರಿಗೆ ಇಷ್ಟು ಬಂದರೆ ಮಾತ್ರೆ ಮುಂದುವರಿಸಿ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ಐದು ಪಟ್ಟು, ಅಂದರೆ 200 ದಾಟಿದರೆ ನಿಲ್ಲಿಸುತ್ತಾರೆ. ವಾಂತಿ ಇರುವವರಿಗೆ ಮಿತಿ ಮೂರು ಪಟ್ಟು, ಅಂದರೆ 120. ಹಾಗಾಗಿ 168 ಬಂದರೆ ನಿಮ್ಮವರಿಗೆ ಲಿವರ್‌ಗೆ ಪೆಟ್ಟು ಕೊಡಬಲ್ಲ ಮೂರನ್ನೂ ನಿಲ್ಲಿಸಬೇಕಾಗುತ್ತದೆ. ಕಾಮಾಲೆ ಕಂಡರಂತೂ ಅಂಕಿಗೆ ಕಾಯುವುದೇ ಇಲ್ಲ. ನಾಲ್ಕರಲ್ಲಿ ಎಥಾಂಬುಟಾಲ್ ಮಾತ್ರ ಲಿವರ್‌ಗೆ ಬಹುತೇಕ ನಿರುಪದ್ರವಿ. ಟಿಬಿ ಜೋರಾಗಿದ್ದರೆ ಅದರ ಜತೆ ಬೇರೆ ಔಷಧಿ ಸೇರಿಸಿ ಅಷ್ಟು ದಿನ ನಿಭಾಯಿಸುತ್ತಾರೆ.

ಎಸ್‌ಜಿಪಿಟಿ ಎರಡು ಪಟ್ಟಿಗಿಂತ, ಇಲ್ಲಿ 80ಕ್ಕಿಂತ, ಕೆಳಗಿಳಿದ ಮೇಲೆ ಒಂದೊಂದಾಗಿ ಮತ್ತೆ ಶುರು: ಸಾಮಾನ್ಯವಾಗಿ ಮೊದಲು ರಿಫಾಂಪಿಸಿನ್, ಮೂರರಿಂದ ಏಳು ದಿನ ಬಿಟ್ಟು ಐಸೋನಿಯಾಜಿಡ್, ನಡುನಡುವೆ ರಕ್ತಪರೀಕ್ಷೆ. ಪೈರಜಿನಮೈಡನ್ನು ಎಷ್ಟೋ ಸಲ ಮತ್ತೆ ಕೊಡುವುದೇ ಇಲ್ಲ, ಆಗ ಒಟ್ಟು ಚಿಕಿತ್ಸೆ 9 ತಿಂಗಳಿಗೆ ಹೋಗಬಹುದು. ನಾಲ್ಕೂ ಸೇರಿದ ಹಳೆಯ ಮಾತ್ರೆಯನ್ನು ಮನೆಯಲ್ಲೇ ಮತ್ತೆ ಶುರು ಮಾಡಬೇಡಿ. ತೊಂದರೆ ಕೊಟ್ಟದ್ದು ಯಾವುದು ಎಂದು ಆಮೇಲೆ ಪತ್ತೆ ಹಚ್ಚಲಾಗುವುದಿಲ್ಲ.

ಕಾಮಾಲೆ ಎಂದ ಕೂಡಲೇ ನಮ್ಮ ಕಡೆ ಸೊಪ್ಪಿನ ಔಷಧಿಗೆ ಓಡುತ್ತಾರೆ. ಇಲ್ಲಿ ಅದು ಬೇಡ. ಪರೀಕ್ಷೆ ತಡವಾಗುತ್ತದೆ, ಲಿವರ್‌ಗೆ ಇನ್ನೊಂದು ಹೊರೆಯಾಗುತ್ತದೆ. ಮದ್ಯ ಬೇಡ, ಕೇಳದೆ ಪ್ಯಾರಸಿಟಮಾಲ್ ಬೇಡ. ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.

ಬೇರೆ ಕೆಲವು ಲಕ್ಷಣಗಳಿಗೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ಕಣ್ಣು ಮಂಜಾದರೆ, ಕೆಂಪು–ಹಸಿರು ಬಣ್ಣ ಗುರುತಾಗದಿದ್ದರೆ ಅದು ಎಥಾಂಬುಟಾಲ್‌ನದಿರಬಹುದು. ನಿಲ್ಲಿಸಲು ತಡವಾದಷ್ಟೂ ದೃಷ್ಟಿ ಮರಳುವುದು ಅನುಮಾನ. ಚರ್ಮದ ಮೇಲೆ ನೇರಳೆ ಚುಕ್ಕೆ, ವಸಡಿನಲ್ಲಿ ರಕ್ತ, ಜ್ವರದ ಜತೆ ಮೈತುಂಬ ದದ್ದು, ಬಾಯಲ್ಲಿ ಹುಣ್ಣು ಕಂಡರೂ ಅಷ್ಟೇ. ರೋಗಿ ತೂಕಡಿಸುತ್ತ ತಪ್ಪುತಪ್ಪಾಗಿ ಮಾತಾಡಿದರೆ, ಮುಖ ಊದಿ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಪಾದ ಜುಮ್ಮೆನ್ನುವುದು, ಕೀಲು ನೋವು ಇಷ್ಟು ಅವಸರದ್ದಲ್ಲ, ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು.

ಹೊರಡುವಾಗ ಮಾತ್ರೆ ಪಟ್ಟಿಯನ್ನೂ ಟಿಬಿ ಕಾರ್ಡನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ, ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.