ಅನುಬಂಧದ ಪತ್ರಗಳಲ್ಲಿ ಏನನ್ನು ಹುಡುಕುತ್ತಾರೆ?

ಪ್ರಶ್ನೆ: ಬಿಸಿನೆಸ್ ಪ್ಲಾನ್‌ನ ಅನುಬಂಧಕ್ಕೆ, ಕೊಳ್ಳುವ ಉದ್ದೇಶವಿದೆ ಎಂದು ಗ್ರಾಹಕರು ಬರೆದುಕೊಟ್ಟ ಒಂಬತ್ತು ಲೆಟರ್ ಆಫ್ ಇಂಟೆಂಟ್ ಹಾಕಿದ್ದೀವಿ. ಆದರೂ ಹೂಡಿಕೆದಾರರು "ಬೇಡಿಕೆಗೆ ಪುರಾವೆ ಎಲ್ಲಿ?" ಅಂತಾರೆ. ಇನ್ನೇನು ಬೇಕು ಇವರಿಗೆ?

ಹೂಡಿಕೆದಾರರ ಪರವಾಗಿ ಇಂಥ ಪ್ಲಾನ್‌ಗಳನ್ನು ಪರಿಶೀಲಿಸುವುದೇ ನನ್ನ ಕೆಲಸ. ಪತ್ರ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಸಹಿ ಹಾಕಿದವರ ಹುದ್ದೆಯ ಮೇಲೆ. ಖರೀದಿಗೆ ಹಣ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲದಿದ್ದರೆ ಅದು ಬರೀ ಶುಭ ಹಾರೈಕೆ. ಇನ್ನು ಒಂಬತ್ತೂ ಪತ್ರಗಳ ಒಕ್ಕಣೆ ಒಂದೇ ಆಗಿದ್ದರೆ, ಬರೆದವರು ನೀವೇ ಎಂದು ಎರಡನೇ ಪತ್ರಕ್ಕೇ ಗೊತ್ತಾಗುತ್ತದೆ. ಕರಡು ಕಳಿಸಿಕೊಡುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಎಷ್ಟು ಬೇಕು, ಯಾವ ಬೆಲೆಗೆ, ಯಾವ ಷರತ್ತಿನ ಮೇಲೆ ಎಂಬುದನ್ನು ಗ್ರಾಹಕರೇ ತುಂಬಬೇಕು.

ಶೀತಲಗೃಹಗಳಿಗೆ ತಾಪಮಾನದ ಸೆನ್ಸರ್ ಮಾಡುವ ಕಂಪನಿ ಎಂದಿಟ್ಟುಕೊಳ್ಳಿ. "ನಿಮ್ಮ ಉತ್ಪನ್ನದ ಬಗ್ಗೆ ನಮಗೆ ಆಸಕ್ತಿಯಿದೆ" ಎಂಬ ಪತ್ರದಿಂದ ನನಗೇನೂ ತಿಳಿಯುವುದಿಲ್ಲ. ನನಗೆ ಬೇಕಾದ್ದು ಇಂಥದ್ದು: "20 ಕೋಣೆಗಳಲ್ಲಿ 8 ವಾರ ಪೈಲಟ್ ಪ್ರಯೋಗ ನಡೆಸುತ್ತೇವೆ, ಅದರ ಶುಲ್ಕ ಕೊಡುತ್ತೇವೆ. ತಾಪಮಾನ ಮಿತಿ ಮೀರಿದ ಪ್ರತಿ 100 ಸಲದಲ್ಲಿ ಕನಿಷ್ಠ 95 ಸಲ 5 ನಿಮಿಷದೊಳಗೆ ಎಚ್ಚರಿಕೆ ಬಂದರೆ, ಪೈಲಟ್ ಮುಗಿದ 3 ತಿಂಗಳೊಳಗೆ ಒಪ್ಪಿದ ಬೆಲೆಗೆ 120 ಸೆನ್ಸರ್ ಕೊಳ್ಳುವ ಉದ್ದೇಶವಿದೆ. ಇದು ಆಡಳಿತ ಮಂಡಳಿಯ ಒಪ್ಪಿಗೆಗೆ ಒಳಪಟ್ಟಿದೆ."

ಕೊನೆಯ ವಾಕ್ಯ ನೋಡಿ ಹೆದರಬೇಡಿ. ಇಂಥ ಪತ್ರ ಸಾಮಾನ್ಯವಾಗಿ ಕಾನೂನಿನ ಪ್ರಕಾರ ಖರೀದಿಗೆ ಕಟ್ಟಿಹಾಕುವುದಿಲ್ಲ, ಅದು ಓದುವವರಿಗೂ ಗೊತ್ತು. ಇಲ್ಲಿ ತೂಕ ಇರುವುದು ಬೇರೆ ಕಡೆ: ಯಾವುದನ್ನು ಗೆಲುವು ಎನ್ನಬೇಕು ಎಂಬುದು ಪೈಲಟ್‌ಗೆ ಮೊದಲೇ ಬರಹದಲ್ಲಿದೆ. ಫಲಿತಾಂಶ ಬಂದ ಮೇಲೆ "ನೋಡೋಣ" ಎಂದು ಜಾರಿಕೊಳ್ಳಲು ಅವರಿಗೂ ಆಗುವುದಿಲ್ಲ, ಸೋತಿದ್ದನ್ನು ಗೆದ್ದಂತೆ ತೋರಿಸಲು ನಿಮಗೂ ಆಗುವುದಿಲ್ಲ. ಶುಲ್ಕ ಚಿಕ್ಕದಾಗಿದ್ದರೂ ಪರವಾಗಿಲ್ಲ. ಅದಕ್ಕೆ ಪರ್ಚೇಸ್ ಆರ್ಡರ್ ಬಂದಿದೆ ಎಂದರೆ ಅವರ ಅಕೌಂಟ್ಸ್ ವಿಭಾಗದವರೆಗೂ ನಿಮ್ಮ ಹೆಸರು ಮುಟ್ಟಿದೆ. ಆ ಪ್ರತಿಯನ್ನು ಪತ್ರದ ಹಿಂದೆಯೇ ಲಗತ್ತಿಸಿ. ಪುಕ್ಕಟೆ, ಅದೂ ಕೊನೆಯ ದಿನಾಂಕವಿಲ್ಲದ ಪೈಲಟ್‌ಗೆ ಯಾರು ಬೇಕಾದರೂ ಹೂಂ ಅಂತಾರೆ.

ಇನ್ನೊಂದು ಎಡವಟ್ಟು ಲೆಕ್ಕದಲ್ಲಿ. ಮುಖ್ಯ ಪಠ್ಯದಲ್ಲಿ ಮೊದಲ ವರ್ಷ 500 ಸೆನ್ಸರ್ ಮಾರುತ್ತೇವೆ ಎಂದಿರುತ್ತದೆ. ಪತ್ರಗಳನ್ನೆಲ್ಲ ಕೂಡಿದರೆ 300, ಅದರಲ್ಲೂ ಪ್ರಮಾಣ, ಬೆಲೆ, ಗಡುವು ಮೂರೂ ಇರುವುದು ಆ 120ಕ್ಕೆ ಮಾತ್ರ. ಅನುಬಂಧದ ಮೊದಲ ಪುಟದಲ್ಲಿ ಇದನ್ನು ಹೀಗೆಯೇ ಕೋಷ್ಟಕ ಮಾಡಿ ತೋರಿಸಿ, ಉಳಿದ 200 ಎಲ್ಲಿಂದ ಬರುತ್ತದೆ ಎಂದೂ ಹೇಳಿ. 300ನ್ನು "ಆರ್ಡರ್‌ಗಳು" ಎಂದು ಬರೆದರೆ ಮಾತ್ರ ಉಳಿದ ಅಂಕಿಗಳ ಮೇಲೂ ಅನುಮಾನ ಶುರುವಾಗುತ್ತದೆ.

ಪತ್ರವನ್ನು ಹೂಡಿಕೆದಾರರಿಗೆ ತೋರಿಸಲು ಗ್ರಾಹಕರ ಅನುಮತಿ ಪಡೆದಿರಿ, ಫೋನ್ ಬರಬಹುದು ಎಂದೂ ತಿಳಿಸಿರಿ. ನಾನಂತೂ ಫೋನ್ ಮಾಡೇ ಮಾಡುತ್ತೇನೆ. "ಇದಿಲ್ಲದಿದ್ದರೆ ಈಗ ಏನು ಬಳಸುತ್ತಿದ್ದೀರಿ, ಈ ಖರ್ಚು ಯಾವ ಬಜೆಟ್‌ನಿಂದ?" ಎಂದಷ್ಟೇ ಕೇಳುತ್ತೇನೆ.