ಎಕೋ ಪತ್ರದಲ್ಲಿ 12 ಮಿ.ಮೀ. ತೂತು ಅಂತ ಬರೆದಿದ್ದರೆ

ಪ್ರಶ್ನೆ: ಮಗಳಿಗೆ 4 ವರ್ಷ, ತೂಕ 15 ಕೆಜಿ, ಊರು ಗುಬ್ಬಿ ಹತ್ತಿರ. ಅಂಗನವಾಡಿಗೆ ಬಂದಿದ್ದ ಡಾಕ್ಟರ್ ಎದೆಯಲ್ಲಿ ಬೇರೆ ಶಬ್ದ ಇದೆ ಅಂದರು. ಎಕೋ ಆದ ಮೇಲೆ ಹೃದಯದ ಡಾಕ್ಟರ್ ಪತ್ರ ಕೊಟ್ಟರು: "ಎಎಸ್‌ಡಿ 12 ಮಿ.ಮೀ. ಬಲಗಡೆ ಕೋಣೆಗಳು ಹಿಗ್ಗಿವೆ. ಶ್ವಾಸಕೋಶದ ಒತ್ತಡ ಸರಿಯಿದೆ. ಅಂಚು ಸಾಕಷ್ಟಿದೆ, ಡಿವೈಸ್ ಹಾಕಿ ಮುಚ್ಚಬಹುದು." ಮಗು ಚೆನ್ನಾಗಿ ಆಡಿಕೊಂಡಿದೆ. ಮುಚ್ಚಿಸಲೇಬೇಕಾ?

ನಾನು ತುಮಕೂರಿನಲ್ಲಿ ಮಕ್ಕಳ ಹೃದಯ ನೋಡುವ ಡಾಕ್ಟರ್. ಇಂಥ ಪತ್ರ ನಾನೂ ಬರೆಯುತ್ತೇನೆ. ಓದಿದವರ ಕಣ್ಣು 12 ಅನ್ನೋ ಅಂಕಿಯ ಮೇಲೇ ನಿಂತುಬಿಡುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರ ಮುಂದಿನ ಸಾಲಿನಲ್ಲಿ.

ಎಎಸ್‌ಡಿ ಅಂದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ತೂತು. ಎಡಗಡೆ ಒತ್ತಡ ಸ್ವಲ್ಪ ಜಾಸ್ತಿ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವ ಹಾಗೆ, ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತದಲ್ಲಿ ಒಂದಷ್ಟು ಬಲಕ್ಕೆ ಇಳಿದು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಅಂಗನವಾಡಿಯಲ್ಲಿ ಕೇಳಿಸಿದ ಶಬ್ದ ತೂತಿನದ್ದಲ್ಲ. ಶ್ವಾಸಕೋಶದ ಕಡೆಯ ಕವಾಟದಲ್ಲಿ ಜಾಸ್ತಿ ರಕ್ತ ನುಗ್ಗುವ ಸದ್ದು ಅದು.

ಈ ಹೆಚ್ಚುವರಿ ರಕ್ತ ಹೊತ್ತು ಹೊತ್ತು ಬಲಗಡೆ ಕೋಣೆಗಳು ಹಿಗ್ಗಿವೆ. ಮುಚ್ಚಿಸಿ ಅನ್ನುವುದಕ್ಕೆ ಕಾರಣ ಅದೇ. ಮಗು ಸುಸ್ತಿಲ್ಲದೆ ಓಡುತ್ತಿದೆ ಅಂತ ಬಿಟ್ಟರೆ, ದೊಡ್ಡವಳಾದ ಮೇಲೆ ಬಡಿತದ ಲಯ ತಪ್ಪಬಹುದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಬಹುದು. ಆ ಒತ್ತಡ ತೀರಾ ಏರಿದರೆ ಆಮೇಲೆ ಮುಚ್ಚುವಂತೆಯೂ ಇರುವುದಿಲ್ಲ. ಈಗ ಅದು ಸರಿಯಿದೆ. ಆದ್ದರಿಂದ ನಾಳೆಯೇ ಓಡಬೇಕಾಗಿಲ್ಲ, ಕೆಲವು ತಿಂಗಳೊಳಗೆ ಮಾಡಿಸಿದರೆ ಸಾಕು. ತಾನಾಗೇ ಮುಚ್ಚಿಕೊಳ್ಳುತ್ತದೆ ಅಂತ ಮಾತ್ರ ಕಾಯಬೇಡಿ. ಪುಟ್ಟ ತೂತುಗಳು ಹಾಗೆ ಮುಚ್ಚಿಕೊಳ್ಳುತ್ತವೆ, 4 ವರ್ಷಕ್ಕೆ 12 ಮಿ.ಮೀ. ಇರುವುದು ಮುಚ್ಚಿಕೊಳ್ಳುವುದು ತೀರಾ ಅಪರೂಪ.

'ಅಂಚು' ಅಂದರೆ ತೂತಿನ ಸುತ್ತ ಉಳಿದಿರುವ ಗೋಡೆ. ಡಿವೈಸ್ ಎರಡು ಬಿಲ್ಲೆಗಳ ತಂತಿ ಜಾಲರಿ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆಯಲ್ಲಿ ಒಯ್ದು, ಗೋಡೆಯ ಆಚೆ ಒಂದು, ಈಚೆ ಒಂದು ಬಿಲ್ಲೆ ಬಿಚ್ಚುತ್ತಾರೆ. ಹಿಡಿದುಕೊಳ್ಳಲು ಅಂಚು ಬೇಕಲ್ವಾ? ಅದಕ್ಕೇ ಮಗುವನ್ನು ಮಲಗಿಸಿದ ಮೇಲೆ ಅನ್ನನಾಳದ ಮೂಲಕ ಇನ್ನೊಮ್ಮೆ ಎಕೋ ಮಾಡಿ ಅಳೆಯುವುದುಂಟು. ಆಗ ಅಂಚು ಸಾಲದು ಅಂತ ಕಂಡರೆ ಎದೆ ತೆರೆದು ಆಪರೇಷನ್ ಮಾಡಬೇಕಾಗುತ್ತದೆ. ಈ ಮಾತನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಡಿವೈಸ್ ಕೂತರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಸುಮಾರು 6 ತಿಂಗಳು ಆಸ್ಪಿರಿನ್ ಇರುತ್ತದೆ. ಆ 6 ತಿಂಗಳಲ್ಲಿ ಹಲ್ಲು ಕೀಳಿಸಬೇಕಾದರೆ ಡಿವೈಸ್ ಇದೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು, ಮೊದಲೇ ಆಂಟಿಬಯೋಟಿಕ್ ಕೊಡುತ್ತಾರೆ.

ಖರ್ಚಿನ ವಿಷಯ: ಅಂಗನವಾಡಿಗೆ ಬಂದದ್ದು ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ಆರ್‌ಬಿಎಸ್‌ಕೆ ತಂಡವಾಗಿದ್ದರೆ, ಅವರ ರೆಫರಲ್ ಚೀಟಿ ಜೋಪಾನ ಮಾಡಿ. ಆ ಯೋಜನೆಯಲ್ಲಿ ಹುಟ್ಟು ಹೃದಯದ ತೊಂದರೆಗೆ ಉಚಿತ ಚಿಕಿತ್ಸೆಗೆ ಅವಕಾಶವಿದೆ.

ಇನ್ನೊಂದು ಮಾತು, ಮಗುವಿನ ತಾಯಿಗೆ. ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕಾ ಅಂತ ನನ್ನ ಮುಂದೆ ಕೂತು ಅತ್ತವರಿದ್ದಾರೆ. ಅಲ್ಲಮ್ಮ. ಬಸುರಿನ ಮೊದಲ ಎರಡು ತಿಂಗಳಲ್ಲಿ ಆ ಗೋಡೆ ಬೆಳೆಯುವಾಗ ಒಂದು ಕಡೆ ಪೂರ್ತಿ ಆಗಲಿಲ್ಲ, ಅಷ್ಟೇ. ಎಷ್ಟೋ ಜನರಿಗೆ ಬಸುರು ಅಂತ ಗೊತ್ತಾಗುವ ಹೊತ್ತಿಗೇ ಆ ಕೆಲಸ ಶುರುವಾಗಿರುತ್ತದೆ.