ಎಂಬತ್ತು ಪರ್ಸೆಂಟ್ ಸಿಗದಿದ್ದರೆ ತೋಟ ಮಾರಬೇಕಾ?

ನಿವೃತ್ತಿ ಹತ್ತಿರ ಬಂದವರು ನಿದ್ದೆ ಬರ್ತಿಲ್ಲ ಅಂತ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವುದು ಈಗೀಗ ಜಾಸ್ತಿಯಾಗಿದೆ. ಕೆದಕಿದರೆ ಒಳಗೆ ಒಂದು ಪರ್ಸೆಂಟೇಜ್ ಕೂತಿರುತ್ತದೆ. ಈ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ಸುಂಟಿಕೊಪ್ಪದವರು, ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ವಯಸ್ಸು 57, ಮುಂದಿನ ವರ್ಷ ನಿವೃತ್ತಿ. ಸಂಬಳ 60 ಸಾವಿರ. ನಿವೃತ್ತಿಯ ಮೇಲಿನ ಆದಾಯ ಕೊನೆಯ ಸಂಬಳದ ಎಷ್ಟು ಪಾಲು ಅನ್ನುವುದೇ ರಿಪ್ಲೇಸ್‌ಮೆಂಟ್ ರೇಶಿಯೋ, ಅದು 80 ಪರ್ಸೆಂಟ್ ಇದ್ದರೇ ನೆಮ್ಮದಿ ಅಂತ ಯಾರೋ ಹೇಳಿದ್ದರು. ಅಂದರೆ ತಿಂಗಳಿಗೆ 48 ಸಾವಿರ. ಅಷ್ಟು ಹುಟ್ಟುವುದಿಲ್ಲ, ಆದ್ದರಿಂದ ಇರೋ ಒಂದೆಕರೆ ರೋಬಸ್ಟಾ ತೋಟ ಮಾರುವುದು ಅಂತ ಮನಸ್ಸು ಮಾಡಿದ್ದರು.

ಒಂದು ದಿನ ಅವರ ಹೆಂಡತಿಯನ್ನೂ ಕೂರಿಸಿಕೊಂಡೆ. ಅಷ್ಟು ಹೊತ್ತು ಸುಮ್ನೆ ಕೇಳುತ್ತಿದ್ದವರು, "ಮೇಡಂ, ಆ 60 ಸಾವಿರ ನಮ್ಮನೆಗೆ ಯಾವತ್ತು ಬಂದಿದೆ ಅಂತ ಇವರನ್ನೇ ಕೇಳಿ" ಅಂದರು.

ಅಲ್ಲಿಗೆ ಮಾತು ತಿರುಗಿತು. ಸಂಬಳದ ಚೀಟಿ ತೆಗೆಸಿದೆ. ಪಿಎಫ್ ಮತ್ತು ವೃತ್ತಿ ತೆರಿಗೆ ಸೇರಿ 5 ಸಾವಿರ, ಮನೆ ಸಾಲದ ಕಂತು 13 ಸಾವಿರ, ಮಗಳ ನರ್ಸಿಂಗ್ ಫೀಸು, ಹಾಸ್ಟೆಲ್ಲು 8 ಸಾವಿರ, ದಿನಾ ಓಡಾಡುವ ಪೆಟ್ರೋಲು, ಹೊರಗಿನ ಊಟ 2 ಸಾವಿರ. ಒಟ್ಟು 28 ಸಾವಿರ. ಸಾಲವೂ ಓದೂ ನಿವೃತ್ತಿಗೆ ಮೊದಲೇ ಮುಗಿಯುತ್ತವೆ. ಇವರು ಬದುಕುತ್ತಿದ್ದುದು 32 ಸಾವಿರದಲ್ಲಿ! ಕಂಪನಿಯ ಗುಂಪು ವಿಮೆ ನಿಲ್ಲುವುದರಿಂದ ಇಬ್ಬರ ಮೆಡಿಕ್ಲೇಮ್, ಔಷಧಿಗೆ 4 ಸಾವಿರ ಸೇರಿಸಿದೆವು. 36 ಸಾವಿರ, ಅಂದರೆ 60 ಪರ್ಸೆಂಟ್. ಬಾಡಿಗೆ ಮನೆಯಲ್ಲಿದ್ದರೆ ಅಥವಾ ಸಾಲ ಉಳಿದಿದ್ದರೆ ಇದೇ ಸಂಬಳಕ್ಕೆ 80 ಕೂಡ ಸಾಲದೇ ಹೋಗಬಹುದು.

ಅವರ ಮುಖ ಅರಳಿತು, ನಾನು ಅಲ್ಲಿಗೆ ಬಿಡಲಿಲ್ಲ. ಆಪ್ತಸಲಹೆಗಾರ್ತಿಗೆ ಲೆಕ್ಕದ ಉಸಾಬರಿ ಯಾಕೆ ಅಂತ ಕೇಳುವವರಿದ್ದಾರೆ. ಭಯ ಹುಟ್ಟಿದ್ದೇ ಲೆಕ್ಕದಿಂದ ಆದಾಗ ಬರೀ ಉಸಿರಾಟದ ಅಭ್ಯಾಸ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಈ ರೇಶಿಯೋ ಹೇಳುವುದು ಮೊದಲ ವರ್ಷದ ಮಾತು ಮಾತ್ರ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದರೆ 12 ವರ್ಷಕ್ಕೆ ಎರಡರಷ್ಟಾಗುತ್ತದೆ. 70ನೇ ವಯಸ್ಸಿನಲ್ಲಿ ಅದೇ ಬದುಕಿಗೆ 72 ಸಾವಿರ ಬೇಕು. ಸರ್ಕಾರಿ ಪಿಂಚಣಿಗಾದರೆ ತುಟ್ಟಿಭತ್ಯೆ ಇದೆ, ಪಿಎಫ್ ಜೊತೆ ಬರುವ ಇವರ ಇಪಿಎಸ್ ಪಿಂಚಣಿಗೆ ಅದಿಲ್ಲ. ಹಾಗಾಗಿ ತೋಟ ಈಗ ಬೇಡ, ಆಮೇಲೆ ಬೇಕಾಗಬಹುದು ಅಂದೆ. ಹಾಗಂತ ಕಾಫಿ ದುಡ್ಡನ್ನು ತಿಂಗಳ ಖರ್ಚಿಗೂ ನಂಬಬೇಡಿ ಅಂದೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಫಸಲು ತೀರಾ ಕುಸಿಯಬಹುದು. ಅದು ವಿಮೆ ಕಂತು, ಮಳೆಗಾಲಕ್ಕೆ ಮುಂಚಿನ ಹೆಂಚಿನ ಕೆಲಸ, ಇಂಥ ವರ್ಷಕ್ಕೊಮ್ಮೆಯ ಖರ್ಚಿಗಿರಲಿ.

ಮೆಡಿಕ್ಲೇಮ್ ಮಾತ್ರ ಕೆಲಸದಲ್ಲಿರುವಾಗಲೇ ಮಾಡಿಸಿ ಅಂತ ಪಟ್ಟು ಹಿಡಿದೆ. ಅವರಿಗೆ ಶುಗರ್ ಇದೆ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸುವ ಪಾಲಿಸಿಗಳಿವೆ, ಆ ಗಡುವು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಅಲ್ವಾ? ವಾರದೊಳಗೆ ಅರ್ಜಿ ಹಾಕಿದರು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಬರುತ್ತಿದ್ದಾರೆ.